ರಾಜೀನಾಮೆ ಬರೆಸಿಕೊಂಡು ಕಳಿಸಿದ್ದಾರೆ: ರೆಸ್ಯೂಮೆಯಲ್ಲಿ ಏನು ಬರೆಯಬೇಕು, ಇಂಟರ್‌ವ್ಯೂನಲ್ಲಿ ಏನು ಹೇಳಬೇಕು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ಪೇಯಬಲ್ ವಿಭಾಗದಲ್ಲಿ ನಾಲ್ಕು ವರ್ಷ ಇದ್ದೆ. 2025ರ ಮಾರ್ಚ್ 14ರಂದು, 35 ಜನರ ತಂಡದಲ್ಲಿ ಯುರೋಪಿನ ಬಿಲ್ಲು ನೋಡುತ್ತಿದ್ದ ನಮ್ಮ 22 ಜನರನ್ನು ಕರೆದು, ಈ ಕೆಲಸ ಬೇರೆ ಕೇಂದ್ರಕ್ಕೆ ಹೋಗುತ್ತಿದೆ, ರಾಜೀನಾಮೆ ಕೊಡಿ ಅಂದರು. ಕೊಟ್ಟೆ. ರಿಲೀವಿಂಗ್ ಲೆಟರ್‌ನಲ್ಲಿ ಏಪ್ರಿಲ್ 30, ರಾಜೀನಾಮೆ ಎಂದೇ ಇದೆ. ಅದಕ್ಕೆ ಮೊದಲು ಮಂಗಳೂರಿನಲ್ಲಿ ಏಳು ತಿಂಗಳು ದುಡಿದಿದ್ದೆ. ತಪ್ಪು ಹೆಚ್ಚು ಎಂದು ಪ್ರೊಬೇಷನ್‌ನಲ್ಲೇ ತೆಗೆದರು. ಈಗ ಮಂಗಳೂರು, ಕೊಚ್ಚಿ ಎರಡೂ ಕಡೆ ಅರ್ಜಿ ಹಾಕುತ್ತಿದ್ದೇನೆ. ‘ಅಡಿಕೆ ತೋಟ ನೋಡಿಕೊಳ್ಳಲು ಬಂದೆ ಅನ್ನು’ ಎಂದು ಮಾವ ಹೇಳಿದ್ದಕ್ಕೆ ಒಂದು ಫಾರ್ಮಿನಲ್ಲಿ ಹಾಗೇ ಬರೆದೂ ಬಿಟ್ಟೆ. ಸರಿಯೇ?

ಉತ್ತರ: ತೋಟದ ಕಾರಣವನ್ನು ಇವತ್ತೇ ಬಿಟ್ಟುಬಿಡಿ. ಅದು ಸುಳ್ಳು ಎಂಬುದು ಒಂದು ಮಾತಾಯಿತು. ಅದಕ್ಕಿಂತ ಮುಖ್ಯವಾಗಿ, ಅದು ನಿಮಗೆ ನಷ್ಟದ ಸುಳ್ಳು. ಕಂಪನಿಯೇ ಕೆಲಸವನ್ನು ಬೇರೆಡೆಗೆ ಸಾಗಿಸಿ 22 ಜನರನ್ನು ಕಳಿಸಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ತೋಟಕ್ಕಾಗಿ ಕೆಲಸ ಬಿಟ್ಟೆ ಎಂದಿರೋ, ಎದುರಿಗೆ ಕೂತವರು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಹಾಗಾದರೆ ಈಗ ತೋಟ ಯಾರು ನೋಡಿಕೊಳ್ಳುತ್ತಾರೆ? ಬರುವ ಕೊಯ್ಲಿಗೆ ಮತ್ತೆ ಹೋಗುತ್ತೀರಾ?’ ಅದಕ್ಕೆ ಇನ್ನೊಂದು ಸುಳ್ಳು ಹೊಂದಿಸಬೇಕಾಗುತ್ತದೆ. ನಿಜ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ವಿಷಯ, ಎಷ್ಟು ದಿನ ನಿಲ್ಲುವವರೋ ಎಂಬ ಅನುಮಾನವಾಗಿ ಬೆಳೆಯುತ್ತದೆ. ಊರಿಗೆ ಬಂದ ಮೇಲೆ ನಿಜವಾಗಿಯೂ ತೋಟದ ಕೆಲಸಕ್ಕೆ ಕೈಹಾಕಿದ್ದರೆ ಅದನ್ನು ಹೇಳಬಹುದು. ಆದರೆ ಅದು ಕೆಲಸ ಹೋದ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಉತ್ತರ, ಕೆಲಸ ಏಕೆ ಹೋಯಿತು ಎಂಬುದಕ್ಕಲ್ಲ.

ನಿಮ್ಮ ನಿಜವಾದ ತೊಡಕು ಬೇರೆ. ನಡೆದದ್ದು ಒಂದು, ಕಾಗದದಲ್ಲಿರುವುದು ಇನ್ನೊಂದು. ನಡೆದದ್ದು ಲೇಆಫ್, ಕಾಗದದಲ್ಲಿರುವುದು ರಾಜೀನಾಮೆ. ‘ಲೇಆಫ್ ಆಯಿತು’ ಎಂದಷ್ಟೇ ಹೇಳಿದರೆ ಹಳೆಯ ಕಂಪನಿಯ ದಾಖಲೆ ನಿಮ್ಮನ್ನು ಸುಳ್ಳಾಗಿಸುತ್ತದೆ. ‘ನಾನೇ ರಾಜೀನಾಮೆ ಕೊಟ್ಟೆ’ ಎಂದಷ್ಟೇ ಹೇಳಿದರೆ, ಬೇರೆ ಕೆಲಸ ಕೈಯಲ್ಲಿಲ್ಲದೆ ಏಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಒಂದು ವಾಕ್ಯ ನಿಮಗೆ ಬೇಕು. ರೆಸ್ಯೂಮೆ, ಅರ್ಜಿ ಫಾರ್ಮು, ಫೋನ್ ಕರೆ, ಇಂಟರ್‌ವ್ಯೂ ಎಲ್ಲದಕ್ಕೂ ಆ ವಾಕ್ಯವೇ ಬುಡವಾಗಲಿ.

ಮೊದಲು ತಾರೀಕು ಕೂಡಿಸಿಕೊಳ್ಳಿ

ವಾಕ್ಯ ಕಟ್ಟುವ ಮೊದಲು ಒಂದು ಹಾಳೆಯಲ್ಲಿ ತಾರೀಕುಗಳನ್ನು ಬರೆದುಕೊಳ್ಳಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಹೆಚ್ಚಿನವರು ಎಡವುವುದು ದೊಡ್ಡ ಸುಳ್ಳಿನಿಂದಲ್ಲ, ಒಂದೂವರೆ ತಿಂಗಳ ವ್ಯತ್ಯಾಸದಿಂದ. ಪರಿಶೀಲಿಸುವ ಸಂಸ್ಥೆ ನಿಮ್ಮ ಹಳೆಯ ಎಚ್‌ಆರ್‌ಗೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಬಿಟ್ಟ ಕಾರಣ ಇವನ್ನು ಕಳಿಸಿ, ಸರಿಯೇ ಎಂದು ಕೇಳುತ್ತದೆ. ‘ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ’ ಎಂಬುದನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ತಾಳೆಯಾಗದ ಪ್ರತಿಯೊಂದೂ ವರದಿಯಲ್ಲಿ ವ್ಯತ್ಯಾಸ ಎಂದು ನಮೂದಾಗುತ್ತದೆ. ನೀವು ಮರೆತು ಬರೆದಿರೋ ಬೇಕೆಂದು ಬರೆದಿರೋ ವರದಿಗೆ ಗೊತ್ತಾಗದು.

ನಿಮ್ಮ ವಿಷಯದಲ್ಲಿ ಮೂರು ತಾರೀಕು ಗೊಂದಲ ಮಾಡಬಹುದು. ಮಾರ್ಚ್ 14 ನಿಮ್ಮನ್ನು ಕರೆದು ರಾಜೀನಾಮೆ ಕೇಳಿದ ದಿನ. ಏಪ್ರಿಲ್ 30 ರಿಲೀವಿಂಗ್ ಲೆಟರ್ ಹೇಳುವ ಕೊನೆಯ ದಿನ. ಅಂತಿಮ ಲೆಕ್ಕದ ಹಣ ಕೈಗೆ ಬಂದ ದಿನ ಇನ್ನೊಂದಿರಬಹುದು. ಬರೆಯಬೇಕಾದದ್ದು ಏಪ್ರಿಲ್ 30 ಒಂದೇ, ಎಲ್ಲೆಡೆಯೂ ಅದೇ. ಆ ತನಕ ನೀವು ರೋಲಿನಲ್ಲಿದ್ದಿರಿ, ಏಪ್ರಿಲ್ ತಿಂಗಳ ಸಂಬಳದ ಚೀಟಿ ಇರುತ್ತದೆ, ಪಿಎಫ್ ಕೂಡ ಕಟ್ಟಿರುತ್ತಾರೆ. ಇದನ್ನೇ ಓದುತ್ತಿರುವ ಬೇರೆಯವರ ಸ್ಥಿತಿ ತಿರುಗುಮುರುಗಾಗಿ ಇರಬಹುದು. ಕಂಪನಿ ಮಾರ್ಚ್ 14ಕ್ಕೇ ಬಿಡುಗಡೆ ಮಾಡಿ, ನೋಟಿಸ್ ಅವಧಿಯ ಹಣವನ್ನು ಒಟ್ಟಿಗೆ ಕೊಟ್ಟಿದ್ದರೆ ಕೊನೆಯ ದಿನ ಮಾರ್ಚ್ 14. ಹಣ ಏಪ್ರಿಲ್‌ವರೆಗಿನದು ಎಂದು ತಾರೀಕನ್ನು ಏಪ್ರಿಲ್‌ಗೆ ಎಳೆಯಬಾರದು. ಇದರಲ್ಲಿ ನಿಮ್ಮದು ಯಾವುದು ಎಂಬುದನ್ನು ಲೆಟರ್ ತೆರೆದು ಓದಿಯೇ ತೀರ್ಮಾನಿಸಿ, ನೆನಪಿನಿಂದ ಬೇಡ.

ಆಮೇಲೆ ಪಿಎಫ್‌ನ ಸದಸ್ಯರ ಪೋರ್ಟಲ್‌ಗೆ ನಿಮ್ಮ ಯುಎಎನ್ ಹಾಕಿ ಹೋಗಿ, `View` ಅಡಿಯಲ್ಲಿ `Service History` ನೋಡಿ. ನೀವು ಪಿಎಫ್ ಇದ್ದ ಕಂಪನಿಗಳೆಲ್ಲ ಸೇರಿದ ದಿನ, ಬಿಟ್ಟ ದಿನದ ಸಮೇತ ಅಲ್ಲಿ ಸಾಲಾಗಿ ಕಾಣುತ್ತವೆ. ಮಂಗಳೂರಿನ ಆ ಏಳು ತಿಂಗಳೂ ಅಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಬಿಟ್ಟ ದಿನದ ಜಾಗ ಖಾಲಿ ಇದ್ದರೆ ಹಳೆಯ ಕಂಪನಿಯವರು ಅದನ್ನು ತುಂಬಿಲ್ಲ ಎಂದರ್ಥ; ಹೊರಗಿನವರ ಕಣ್ಣಿಗೆ ನೀವು ಇನ್ನೂ ಅಲ್ಲೇ ಇದ್ದೀರಿ. ಮೊದಲು ಎಚ್‌ಆರ್‌ಗೆ ಬರೆದು ಹಾಕಿಸಿ. ಅವರು ಮಾಡದಿದ್ದರೆ, ಕೊನೆಯ ಪಿಎಫ್ ಕಂತು ಬಂದು ಎರಡು ತಿಂಗಳಾದ ಮೇಲೆ `Manage` ಅಡಿಯ `Mark Exit` ಮೂಲಕ ಆಧಾರ್ ಒಟಿಪಿ ಬಳಸಿ ನೀವೇ ಹಾಕಬಹುದು. ಆ ತಾರೀಕು ಕೊನೆಯ ಕಂತು ಬಂದ ತಿಂಗಳೊಳಗೇ ಇರಬೇಕು. ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ದೊಡ್ಡ ಸುತ್ತು, ಆದ್ದರಿಂದ ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡೇ ಒತ್ತಿ.

ಇನ್ನೊಂದು ಕಾಗದ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ, ಹೆಚ್ಚಿನವರು ಅದನ್ನು ಸರಿಯಾಗಿ ನೋಡುವುದೇ ಇಲ್ಲ: ಅಂತಿಮ ಲೆಕ್ಕದ ಪಟ್ಟಿ. ಅದರಲ್ಲಿ ಸಂಬಳ, ರಜೆಯ ಹಣ ಇತ್ಯಾದಿಗಳ ನಡುವೆ ‘ಎಕ್ಸ್‌ಗ್ರೇಷಿಯಾ’ ಅಥವಾ ‘ಸೆವರೆನ್ಸ್’ ಎಂಬ ಸಾಲು ಇದೆಯೇ ನೋಡಿ. ತಾನಾಗಿ ಬಿಟ್ಟು ಹೋಗುವವರಿಗೆ ಕಂಪನಿ ಸಾಮಾನ್ಯವಾಗಿ ಆ ಹಣ ಕೊಡುವುದಿಲ್ಲ. ಹಾಗಾಗಿ ರಾಜೀನಾಮೆ ಕಂಪನಿ ಕೇಳಿದ್ದರಿಂದ ಬಂದದ್ದು ಎಂಬ ನಿಮ್ಮ ಮಾತಿಗೆ ಆ ಸಾಲು ಒಳ್ಳೆಯ ಆಧಾರ. ರಾಜೀನಾಮೆ ಕೊಡಿ ಎಂದು ಬಂದ ಮೇಲ್, ಕೆಲಸ ಸ್ಥಳಾಂತರದ ಪ್ರಕಟಣೆ ಇವೂ ಅಷ್ಟೇ. ಯಾರೂ ಕೇಳದೆ ತೋರಿಸಬೇಡಿ. ಕೇಳಿದರೆ ಕೊಡುವಂತೆ ಇರಲಿ.

ರೆಸ್ಯೂಮೆಯಲ್ಲಿ

ರೆಸ್ಯೂಮೆಯಲ್ಲಿ ಕೆಲಸ ಬಿಟ್ಟ ಕಾರಣ ಬರೆಯುವ ರೂಢಿಯಿಲ್ಲ, ಬರೆಯಲೇಬೇಕೆಂಬ ನಿಯಮವೂ ಇಲ್ಲ. ಬೆಂಗಳೂರಿನ ಕೆಲಸಕ್ಕೆ ‘ಏಪ್ರಿಲ್ 2021 – ಏಪ್ರಿಲ್ 2025’ ಎಂಬಂತೆ ತಿಂಗಳು, ವರ್ಷ ಎರಡೂ ಇರಲಿ. ಬರೀ ವರ್ಷ ಹಾಕಿ ತಿಂಗಳು ಮುಚ್ಚುವುದನ್ನು ಎಚ್‌ಆರ್‌ನವರು ದಿನಕ್ಕೆ ಹತ್ತು ಸಲ ನೋಡಿರುತ್ತಾರೆ. ಮುಚ್ಚಿದ ಜಾಗಕ್ಕೇ ಮೊದಲು ಬೆರಳಿಡುತ್ತಾರೆ. ಹುದ್ದೆಯ ಹೆಸರು ಲೆಟರ್‌ನಲ್ಲಿ ಹೇಗಿದೆಯೋ ಹಾಗೇ.

ನಿಮಗೆ ಕಾರಣದ ಒಂದು ಸಾಲು ಸೇರಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಕೆಲಸವಿಲ್ಲದ ತಿಂಗಳುಗಳು ರೆಸ್ಯೂಮೆಯ ತುದಿಯಲ್ಲೇ ಕಾಣುತ್ತವೆ, ಕರೆ ಮಾಡುವುದೋ ಬೇಡವೋ ಎಂದು ನಿರ್ಧರಿಸುವವರ ಹತ್ತಿರ ನಿಮ್ಮ ಪರವಾಗಿ ಮಾತಾಡಲು ಆಗ ನೀವು ಇರುವುದಿಲ್ಲ. ಆ ಕೆಲಸದ ವಿವರ ಮುಗಿದ ಮೇಲೆ ಕೊನೆಯ ಸಾಲಾಗಿ ಹೀಗೆ ಬರೆಯಿರಿ: ‘ಯುರೋಪ್ ಪ್ರೊಸೆಸ್ ಬೇರೆ ಕೇಂದ್ರಕ್ಕೆ ಸ್ಥಳಾಂತರಗೊಂಡು ತಂಡದ 22 ಹುದ್ದೆಗಳು ರದ್ದಾದವು.’ ಅಷ್ಟೇ. ‘ದುರದೃಷ್ಟವಶಾತ್’, ‘ನನ್ನ ತಪ್ಪಿಲ್ಲದೆ’ ಎಂಬ ಪದಗಳು ಬೇಡ. ಇಂಗ್ಲಿಷ್ ರೆಸ್ಯೂಮೆಯಲ್ಲೂ ಇದೇ ಅರ್ಥ, ಇದೇ ಉದ್ದ ಇರಲಿ. ‘ಟರ್ಮಿನೇಟೆಡ್’ ಎಂಬ ಪದವನ್ನು ಈ ಕೆಲಸಕ್ಕೆ ಎಲ್ಲೂ ಬಳಸಬೇಡಿ; ಅದು ನಡೆದದ್ದೂ ಅಲ್ಲ, ಕಾಗದದಲ್ಲಿರುವುದೂ ಅಲ್ಲ.

ರೆಸ್ಯೂಮೆ ತಿದ್ದಿ ನೌಕ್ರಿ, ಲಿಂಕ್ಡ್‌ಇನ್ ಪ್ರೊಫೈಲುಗಳನ್ನು ಮರೆಯುವವರು ಬಹಳ. ಅಲ್ಲಿ ಇನ್ನೂ ‘ಪ್ರಸ್ತುತ ಕೆಲಸ’ ಎಂದೋ ‘ನೋಟಿಸ್ ಅವಧಿಯಲ್ಲಿದ್ದೇನೆ’ ಎಂದೋ ಇದ್ದರೆ ಅದೂ ಒಂದು ವ್ಯತ್ಯಾಸವೇ. ಒಂದೇ ದಿನ ಕೂತು ಎಲ್ಲವನ್ನೂ ಸರಿಮಾಡಿ.

ಈಗ ಮಂಗಳೂರಿನ ಏಳು ತಿಂಗಳು. ರೆಸ್ಯೂಮೆ ಎಂದರೆ ಪ್ರಮಾಣಪತ್ರವಲ್ಲ, ಹಳೆಯ ಚಿಕ್ಕ ಕೆಲಸವನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ನಿಮಗಿದೆ. ಆದರೂ ಇರಲಿ ಎನ್ನುತ್ತೇನೆ. ಅದು ನಿಮ್ಮ ಮೊದಲ ಕೆಲಸ, ಅದೇ ಕ್ಷೇತ್ರದ್ದು, ಪಿಎಫ್ ಪಟ್ಟಿಯಲ್ಲಿ ಕಾಣುವಂಥದ್ದು. ಮೇಲಾಗಿ ಮಂಗಳೂರಿನ ಅಕೌಂಟ್ಸ್ ವಲಯ ದೊಡ್ಡದಲ್ಲ. ಅಲ್ಲಿ ನಿಮ್ಮೊಡನೆ ಕೂತಿದ್ದವರು ನೀವು ಅರ್ಜಿ ಹಾಕಿದ ಕಡೆ ಇದ್ದರೂ ಇರಬಹುದು. ಕಂಪನಿಯ ಹೆಸರು, ಹುದ್ದೆ, ತಿಂಗಳುಗಳು ಒಂದೇ ಸಾಲಿನಲ್ಲಿ, ವಿವರವಿಲ್ಲದೆ, ಕೊನೆಯಲ್ಲಿ ಹಾಕಿ. ಕಾರಣ ಬರೆಯಬೇಡಿ. ಇದನ್ನು ಮಾತ್ರ ಯಾವ ಕಾರಣಕ್ಕೂ ಲೇಆಫ್ ಎನ್ನಬೇಡಿ. ನಿಜವಾದ ಲೇಆಫ್ ಮೇಲಿನ ನಂಬಿಕೆಯನ್ನೂ ಆ ಒಂದು ಪದ ಕೆಡಿಸುತ್ತದೆ.

ಫಾರ್ಮಿನ ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ

ರೆಸ್ಯೂಮೆಯಲ್ಲಿ ನಿಮಗೆ ಆಯ್ಕೆಯಿದೆ, ಫಾರ್ಮಿನಲ್ಲಿ ಇಲ್ಲ. ಫಾರ್ಮಿನ ಕೆಳಗೆ ‘ಮೇಲಿನ ಮಾಹಿತಿ ಸತ್ಯ, ಸುಳ್ಳೆಂದು ಕಂಡರೆ ಕೆಲಸದಿಂದ ತೆಗೆಯಬಹುದು’ ಎಂಬ ಘೋಷಣೆಗೆ ಸಹಿ ಮಾಡುತ್ತೀರಿ. ಕೆಲಸ ಸಿಕ್ಕಿ ವರ್ಷವಾದ ಮೇಲೂ ಅದು ನಿಮ್ಮ ಮೇಲೆ ನಿಂತಿರುತ್ತದೆ.

ಬಿಟ್ಟ ಕಾರಣದ ಪಟ್ಟಿಯಲ್ಲಿ ರಾಜೀನಾಮೆ, ಲೇಆಫ್, ಟರ್ಮಿನೇಷನ್ ಎಂಬ ಆಯ್ಕೆಗಳಷ್ಟೇ ಇದ್ದರೆ ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಆರಿಸಿ, ಏಕೆಂದರೆ ಹಳೆಯ ಎಚ್‌ಆರ್ ದೃಢಪಡಿಸುವುದು ಅದನ್ನೇ. ಪಕ್ಕದಲ್ಲಿ ಬರೆಯುವ ಜಾಗವಿದ್ದರೆ ‘ಪ್ರೊಸೆಸ್ ಸ್ಥಳಾಂತರದಿಂದ ಹುದ್ದೆ ರದ್ದು; ಕಂಪನಿಯ ಕೋರಿಕೆಯಂತೆ ರಾಜೀನಾಮೆ’ ಎಂದು ತುಂಬಿ. ಇದೇ ನಾನು ಹೇಳಿದ ಬುಡದ ವಾಕ್ಯ. ಮಂಗಳೂರಿನದಕ್ಕೆ ಲೆಟರ್ ಏನನ್ನುತ್ತದೋ ಅದು: ‘ಪ್ರೊಬೇಷನ್‌ನಲ್ಲಿ ಸೇವೆ ಕೊನೆಗೊಂಡಿತು, ಕಾಯಂ ಆಗಲಿಲ್ಲ.’

ಕೆಲವು ಫಾರ್ಮುಗಳು ‘ನಿಮ್ಮನ್ನು ಎಂದಾದರೂ ಕೆಲಸದಿಂದ ತೆಗೆದಿದ್ದಾರೆಯೇ, ಅಥವಾ ರಾಜೀನಾಮೆ ಕೊಡಲು ಹೇಳಿದ್ದಾರೆಯೇ?’ ಎಂದು ಕೇಳುತ್ತವೆ. ಈ ಪ್ರಶ್ನೆಯಲ್ಲಿ ಎರಡು ಭಾಗವಿದೆ, ನಿಮಗೆ ಎರಡಕ್ಕೂ ಉತ್ತರ ಹೌದು. ಹೌದು ಎಂದು ಬರೆದು ಎರಡನ್ನೂ ಒಂದೊಂದು ಸಾಲಿನಲ್ಲಿ ವಿವರಿಸಿ. ‘ಶಿಸ್ತು ಕ್ರಮದಿಂದ ತೆಗೆದಿದ್ದಾರೆಯೇ?’ ಎಂದು ಕೇಳಿದ್ದರೆ ಉತ್ತರ ಇಲ್ಲ. ಕೆಲಸದಲ್ಲಿ ತಪ್ಪು ಹೆಚ್ಚಾಯಿತೆಂದು ಪ್ರೊಬೇಷನ್ ಮುಗಿಸುವುದು ಬೇರೆ, ದುರ್ನಡತೆಗೆ ತೆಗೆಯುವುದು ಬೇರೆ.

ಬಾಯಲ್ಲಿ ಹೇಳುವಾಗ

ಇದೇ ಪ್ರಶ್ನೆಯನ್ನು ಒಂದೇ ಕಂಪನಿಯಲ್ಲಿ ಮೂರು ಜನ ಕೇಳಬಹುದು: ಮೊದಲು ಫೋನಿನಲ್ಲಿ ರಿಕ್ರೂಟರ್, ಆಮೇಲೆ ತಂಡದ ಮ್ಯಾನೇಜರ್, ಕೊನೆಗೆ ಎಚ್‌ಆರ್. ಮೂವರ ಟಿಪ್ಪಣಿಯೂ ಒಂದೇ ಕಡೆ ಸೇರುತ್ತದೆ. ಫೋನಿನಲ್ಲಿ ‘ಪ್ರಾಜೆಕ್ಟ್ ಮುಗಿಯಿತು’, ಮ್ಯಾನೇಜರ್ ಹತ್ತಿರ ‘ಬೆಳವಣಿಗೆ ಇರಲಿಲ್ಲ’, ಎಚ್‌ಆರ್ ಹತ್ತಿರ ‘ಊರಿಗೆ ಹತ್ತಿರ ಬೇಕಿತ್ತು’ ಎಂದರೆ ಒಂದೊಂದೂ ಅರ್ಧ ನಿಜವೇ ಆಗಿದ್ದರೂ ಓದುವವರಿಗೆ ಮೂರು ಕಥೆಯಾಗಿ ಕಾಣುತ್ತದೆ.

ನಿಮ್ಮ ಉತ್ತರ ಹೀಗಿರಲಿ: ‘ನಮ್ಮ ತಂಡದಲ್ಲಿ ಯುರೋಪಿನ ಬಿಲ್ಲು ನೋಡುತ್ತಿದ್ದ ಭಾಗವನ್ನು ಕಂಪನಿ ಬೇರೆ ಕೇಂದ್ರಕ್ಕೆ ಸಾಗಿಸಿತು. ಆ ಕೆಲಸದಲ್ಲಿದ್ದ 22 ಜನರ ಹುದ್ದೆಯೂ ಹೋಯಿತು. ಎಲ್ಲರಿಗೂ ರಾಜೀನಾಮೆ ಕೊಡಲು ಹೇಳಿದರು, ಹಾಗಾಗಿ ನನ್ನ ರಿಲೀವಿಂಗ್ ಲೆಟರ್‌ನಲ್ಲಿ ರಾಜೀನಾಮೆ ಎಂದಿದೆ. ಏಪ್ರಿಲ್ 30ರವರೆಗೆ ರೋಲಿನಲ್ಲಿದ್ದೆ. ಅಲ್ಲಿ ಮಾಡುತ್ತಿದ್ದ ವೆಂಡರ್ ಪೇಮೆಂಟ್ ಕೆಲಸವೇ ಈ ಹುದ್ದೆಯಲ್ಲೂ ಇದೆ, ಅದಕ್ಕೇ ಅರ್ಜಿ ಹಾಕಿದೆ.’ ಓದಿ ನೋಡಿ, ಅರ್ಧ ನಿಮಿಷ ಮೀರದು. ಇದಾದ ಮೇಲೆ ನಿಲ್ಲಿಸಿ. ಎದುರಿನವರು ಸುಮ್ಮನಿದ್ದರೆಂದು ಮೌನ ತುಂಬಲು ಹೊರಟರೆ, ಮ್ಯಾನೇಜ್‌ಮೆಂಟ್ ಹೇಗೆ ಮೋಸ ಮಾಡಿತು ಎಂಬ ಕಡೆಗೆ ಮಾತು ಜಾರುತ್ತದೆ. ನೋವು ನಿಜವೇ ಇರಬಹುದು, ಆದರೆ ಆ ಕೋಣೆ ಅದಕ್ಕೆ ಜಾಗವಲ್ಲ.

ಮುಂದಿನ ಪ್ರಶ್ನೆಗಳು ಬಹುತೇಕ ಗೊತ್ತಿರುವಂಥವೇ. ‘35ರಲ್ಲಿ 13 ಜನರನ್ನು ಉಳಿಸಿಕೊಂಡರಲ್ಲ, ನಿಮ್ಮನ್ನೇಕೆ ಇಲ್ಲ?’ ಇದು ಕಠಿಣ ಪ್ರಶ್ನೆಯಂತೆ ಕಂಡರೂ ನಿಮಗೆ ಸುಲಭ: ಹೋದದ್ದು ಯುರೋಪಿನ ಕೆಲಸ, ನೀವಿದ್ದದ್ದು ಅದರಲ್ಲಿ. ಒಂದೇ ಕೆಲಸ ಮಾಡುವವರಲ್ಲಿ ಕೆಲವರನ್ನು ಮಾತ್ರ ಆರಿಸಿ ತೆಗೆದಿದ್ದರೆ, ಕಂಪನಿ ಹೇಳಿದ ಮಾನದಂಡವನ್ನಷ್ಟೇ ಹೇಳಬೇಕು. ಹೇಳಿರದಿದ್ದರೆ ‘ಮಾನದಂಡ ತಿಳಿಸಲಿಲ್ಲ’ ಎಂದು, ಹಿಂದಿನ ವರ್ಷದ ಅಪ್ರೈಸಲ್‌ನಲ್ಲಿ ಏನು ಬಂದಿತ್ತೆಂಬುದನ್ನು ಸೇರಿಸಬೇಕು. ಊಹೆ ಮಾಡಿ ಕಾರಣ ಹುಟ್ಟಿಸಬಾರದು.

‘ರಾಜೀನಾಮೆ ಕೊಡುವುದಿಲ್ಲ ಎನ್ನಬಹುದಿತ್ತಲ್ಲ?’ ಎಂದೂ ಕೇಳಬಹುದು. ಆಗ ನಿಜವಾಗಿ ಹೇಗೆ ಯೋಚಿಸಿದಿರೋ ಅದನ್ನು ಹೇಳಿ: ‘ಹುದ್ದೆ ಹೇಗೂ ಉಳಿಯುತ್ತಿರಲಿಲ್ಲ. ರಿಲೀವಿಂಗ್ ಲೆಟರ್, ಲೆಕ್ಕ ಸರಿಯಾಗಿ ಸಿಗಲಿ ಎಂದು ಒಪ್ಪಿದೆ.’ ಇಲ್ಲಿ ಒಂದು ಮಾತು, ಇನ್ನೂ ಸಹಿ ಹಾಕದವರಿಗಾಗಿ. ಒಂದು ವರ್ಷ ನಿರಂತರ ಸೇವೆ ಆದ, ಕಾನೂನಿನ ಪ್ರಕಾರ ಕಾರ್ಮಿಕ ಎನಿಸಿಕೊಳ್ಳುವವರನ್ನು ಹುದ್ದೆ ಇಲ್ಲವೆಂದು ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ, ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಈ ಹಕ್ಕು ಕೇಳುವುದು ಕಷ್ಟ. ಹಾಗಾಗಿ ಕಂಪನಿ ಕೊಡುವ ಹಣ ಇದಕ್ಕಿಂತ ಕಡಿಮೆಯೋ ಹೆಚ್ಚೋ ಎಂದು ಲೆಕ್ಕ ಹಾಕದೆ ಸಹಿ ಹಾಕಬೇಡಿ.

ಮಂಗಳೂರಿನ ಕೆಲಸದ ಪ್ರಶ್ನೆ ಬಂದರೆ ನಾಚಿಕೊಳ್ಳದೆ, ತಪ್ಪು ಏನೆಂದು ಹೆಸರಿಸಿ. ‘ಅದು ನನ್ನ ಮೊದಲ ಕೆಲಸ. ದಿನದ ಸಂಖ್ಯೆ ಮುಟ್ಟುವ ಅವಸರದಲ್ಲಿ ಪರ್ಚೇಸ್ ಆರ್ಡರ್, ಸರಕು ಬಂದ ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡದೆ ಕೆಲವನ್ನು ಮುಂದೆ ಕಳಿಸಿದೆ, ತಪ್ಪು ಮಿತಿ ಮೀರಿತು, ಪ್ರೊಬೇಷನ್‌ನಲ್ಲಿ ಕಾಯಂ ಮಾಡಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ.’ ನಿಮ್ಮ ತಪ್ಪು ಬೇರೆ ಬಗೆಯದಾಗಿದ್ದರೆ ಅದನ್ನೇ ಹಾಕಿ. ‘ಅಲ್ಲಿ ಹೊಂದಿಕೆಯಾಗಲಿಲ್ಲ’ ಎಂಬ ಮಬ್ಬು ಉತ್ತರ ಕೊಟ್ಟರೆ, ಜಗಳವೋ ಹಣದ ವಿಷಯವೋ ಎಂದು ಕೇಳುವವರು ತಾವೇ ಊಹಿಸಿಕೊಳ್ಳುತ್ತಾರೆ. ಬಿಲ್ಲು ತಾಳೆ ನೋಡಲಿಲ್ಲ ಎಂಬ ಚಿಕ್ಕ, ಸ್ಪಷ್ಟ ತಪ್ಪಿನ ಮೇಲೆ ನಾಲ್ಕು ವರ್ಷದ ಒಳ್ಳೆಯ ಸೇವೆ ಕೂತರೆ ಅದು ಅಲ್ಲಿಗೇ ಮುಗಿಯುತ್ತದೆ.

ನಮ್ಮ ಕಾಸರಗೋಡಿನವರು ವಿಶೇಷವಾಗಿ ಗಮನಿಸಬೇಕಾದದ್ದು ಭಾಷೆ. ಇಂಗ್ಲಿಷಿನಲ್ಲಿ ಉತ್ತರ ಬಾಯಿಪಾಠ ಮಾಡಿ ಹೋಗಿರುತ್ತೀರಿ. ಮಂಗಳೂರಿನಲ್ಲಿ ಎಚ್‌ಆರ್ ನಡುವೆ ಕನ್ನಡಕ್ಕೋ ತುಳುವಿಗೋ ತಿರುಗುತ್ತಾರೆ, ಕೊಚ್ಚಿಯಲ್ಲಿ ಮಲಯಾಳಕ್ಕೆ. ಆತ್ಮೀಯತೆಯಲ್ಲಿ ಬಾಯಿ ಸಡಿಲವಾಗಿ ‘ಕೆಲಸದಿಂದ ತೆಗೆದರು’ ಎಂದೋ ಮಲಯಾಳದಲ್ಲಿ ‘ಪಿರಿಚ್ಚುವಿಟ್ಟು’ ಎಂದೋ ಬಂದುಬಿಡುತ್ತದೆ. ಎರಡೂ ಮಾತು ವಜಾ ಮಾಡಿದ್ದಕ್ಕೂ ಸಲ್ಲುತ್ತವೆ. ‘ಹುದ್ದೆ ರದ್ದಾಯಿತು, ರಾಜೀನಾಮೆ ಕೇಳಿದರು’ ಎಂಬುದನ್ನು ನೀವು ಮಾತಾಡುವ ಪ್ರತಿ ಭಾಷೆಯಲ್ಲೂ ಜೋರಾಗಿ ನಾಲ್ಕಾರು ಸಲ ಹೇಳಿ ರೂಢಿಮಾಡಿಕೊಳ್ಳಿ.

ಹಳೆಯ ಎಚ್‌ಆರ್ ಏನು ಹೇಳುತ್ತಾರೆ?

ಇದನ್ನು ಊಹಿಸುತ್ತಾ ಕೂರಬೇಕಾಗಿಲ್ಲ, ಕೇಳಬಹುದು. ‘ವೆರಿಫಿಕೇಷನ್ ಬಂದಾಗ ನನ್ನ ಕೊನೆಯ ದಿನ, ಹುದ್ದೆ, ಬಿಟ್ಟ ಕಾರಣ ಏನೆಂದು ದೃಢಪಡಿಸುತ್ತೀರಿ, ಮರುನೇಮಕಕ್ಕೆ ಅರ್ಹ ಎಂದು ದಾಖಲಾಗಿದೆಯೇ’ ಎಂದು ಒಂದು ಚಿಕ್ಕ ಮೇಲ್ ಹಾಕಿ. ಒಟ್ಟಿಗೆ 22 ಜನರ ಹೆಸರು ಮುಚ್ಚುವಾಗ ಯಾರೋ ಅವಸರದಲ್ಲಿ ತಪ್ಪು ಆಯ್ಕೆ ಒತ್ತಿರುವುದು ಅಪರೂಪವಲ್ಲ. ಇದ್ದರೆ ಈಗಲೇ ತಿದ್ದಿಸಿ, ಆಫರ್ ಬಂದ ಮೇಲಲ್ಲ. ನಿಮ್ಮ ಟೀಮ್ ಲೀಡ್ ರೆಫರೆನ್ಸ್ ಕೊಡಲು ಒಪ್ಪಿದರೆ, ನೀವು ಹೇಳುವ ಬುಡದ ವಾಕ್ಯವನ್ನು ಅವರಿಗೂ ಕಳಿಸಿ, ಅವರ ನೆನಪಿನಂತೆ ಸರಿಯಿದೆಯೇ ಎಂದು ಕೇಳಿಕೊಳ್ಳಿ.

ಉಳಿದದ್ದು ನೀವು ಈಗಾಗಲೇ ‘ತೋಟ’ ಎಂದು ತುಂಬಿದ ಫಾರ್ಮು. ವೆರಿಫಿಕೇಷನ್ ಶುರುವಾಗುವ ಮುಂಚೆ ನೀವೇ ತಿದ್ದಿದರೆ ಅದು ತಿದ್ದುಪಡಿ, ಅವರು ಕಂಡುಹಿಡಿದರೆ ಅದು ಸುಳ್ಳು. ನಿಮ್ಮೊಡನೆ ಮಾತಾಡುತ್ತಿರುವ ರಿಕ್ರೂಟರ್‌ಗೆ ಇಷ್ಟು ಬರೆದರೆ ಸಾಕು: ‘ನಾನು ತುಂಬಿದ ಅರ್ಜಿಯಲ್ಲಿ ಹಿಂದಿನ ಕೆಲಸ ಬಿಟ್ಟ ಕಾರಣವನ್ನು ಸರಿಪಡಿಸಬೇಕಿದೆ. ತೋಟ ನೋಡಿಕೊಳ್ಳಲು ಬಿಟ್ಟೆ ಎಂದು ಬರೆದಿದ್ದೆ, ಅದು ಸರಿಯಲ್ಲ. ಪ್ರೊಸೆಸ್ ಸ್ಥಳಾಂತರದಿಂದ ನನ್ನ ಹುದ್ದೆ ರದ್ದಾಗಿ, ಕಂಪನಿಯ ಕೋರಿಕೆಯಂತೆ ರಾಜೀನಾಮೆ ಕೊಟ್ಟೆ. ಕೊನೆಯ ದಿನ 30 ಏಪ್ರಿಲ್ 2025. ದಯವಿಟ್ಟು ದಾಖಲೆಯಲ್ಲಿ ಬದಲಿಸಿ.’ ಏಕೆ ಹಾಗೆ ಬರೆದಿರಿ ಎಂದು ಅವರು ಕೇಳಿದರೆ, ಲೇಆಫ್ ಎಂದರೆ ತಪ್ಪು ತಿಳಿಯುತ್ತಾರೆಂದು ಹೆದರಿದ್ದೆ ಎಂದು ಹೇಳಿ. ಅಲ್ಲಿ ಮಾವನ ಹೆಸರು ತರಬೇಡಿ. ಒಂದಿಬ್ಬರು ಇಷ್ಟಕ್ಕೇ ನಿಮ್ಮನ್ನು ಕೈಬಿಡಬಹುದು, ಆ ಸಾಧ್ಯತೆ ಇದ್ದೇ ಇದೆ. ಆದರೂ ಈ ಮೇಲ್ ಇವತ್ತು ಹೋಗಲಿ, ನಾಳೆಯ ಫೋನ್ ಕರೆಗೆ ಮೊದಲು.